ಮುರುಗೆಪ್ಪ ಕಂಡದ್ದು, ಧರ್ಮಣ್ಣ ಹೇಳಿದ್ದು

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಅರ್ಧ ಆಯುಷ್ಯ ಉಳ್ಳಾಗಡ್ಡಿ ತೂಗುತ್ತ ಕಳೆದ ಮುರುಗೆಪ್ಪ ಎಂದೂ ಯಾವ ಸುದ್ದಿಯನ್ನೂ "ಕೇಳಿದೆ" ಎಂದು ಹೇಳಿದವನಲ್ಲ. ಅವನು ಎಲ್ಲವನ್ನೂ ಕಣ್ಣಾರೆ ಕಂಡವನೇ. ಲಾಸಲಗಾವಿಯಲ್ಲಿ ರೇಟು ಬಿದ್ದರೆ ಅದು ಬೀಳುವುದನ್ನು ಅವನು ಕಂಡಿರುತ್ತಿದ್ದ. ಸೊಲ್ಲಾಪುರದ ರಸ್ತೆಯಲ್ಲಿ ಲಾರಿ ಮಗುಚಿದರೆ ಚೀಲಗಳು ಉರುಳಿ ಗಟಾರಕ್ಕೆ ಸೇರಿದ್ದನ್ನೂ ಕಂಡಿರುತ್ತಿದ್ದ. ಲಾಸಲಗಾವಿಗೆ ಅವನು ಜನ್ಮದಲ್ಲಿ ಹೋದವನಲ್ಲ ಎಂಬುದು ಯಾರ್ಡಿನ ನಾಯಿಗಳಿಗೂ ಗೊತ್ತಿತ್ತು.

ಇದನ್ನು ಸುಳ್ಳು ಎನ್ನುವಂತಿಲ್ಲ. ಯಾರ್ಡಿನ ರೀತಿಯೇ ಅದು. ಅಲ್ಲಿ ಕೇಳಿದ ಸುದ್ದಿಗೆ ಬೆಲೆ ಇಲ್ಲ. "ಮಾಲು ಕೊಳತದ ಅಂತ ಕೇಳೀನಿ" ಎಂದರೆ ಅಡತ್ ಅಂಗಡಿಯ ದಲ್ಲಾಳಿಗಳು ತಲೆ ಎತ್ತಿಯೂ ನೋಡುವುದಿಲ್ಲ. "ಚೀಲ ಬಿಚ್ಚಿ ನಾನೇ ನೋಡೀನಿ" ಎಂದರೆ ಕುರ್ಚಿ ಎಳೆದು ಕೂಡಿಸಿ ಚಹಾ ತರಿಸುತ್ತಾರೆ. ಹೀಗಾಗಿ ಎಲ್ಲರೂ ಕಂಡೆ ಎನ್ನುತ್ತಾರೆ. ಕೇಳುವವರು ಅದರಲ್ಲಿ ತೂಕದಲ್ಲಿ ಮಣ್ಣು-ಸಿಪ್ಪೆಗೆಂದು ಕಸರು ತೆಗೆದಂತೆ ಒಂದಿಷ್ಟು ಕಳೆದು ಉಳಿದದ್ದನ್ನು ನಂಬುತ್ತಾರೆ. ವ್ಯವಹಾರ ಸುಸೂತ್ರವಾಗಿ ನಡೆದಿತ್ತು, ಧರ್ಮಣ್ಣನ ಕೊಲೆಯಾಗುವವರೆಗೆ.

ಧರ್ಮಣ್ಣ ಇಂಡಿ ಕಡೆಯ ಹುಡುಗ, ಹಮಾಲ, ಮುರುಗೆಪ್ಪನ ಊರಿನವನೇ. ಮುರುಗೆಪ್ಪನನ್ನು ಕಾಕಾ ಎನ್ನುತ್ತಿದ್ದ. ಹಮಾಲರ ಟೋಳಿಗಳಿಗೆ ಲಾರಿ ಇಳಿಸುವ ಪಾಳಿ ಇರುತ್ತದೆ. ಇಂದು ಈ ಟೋಳಿ ಇಳಿಸಿದರೆ ನಾಳೆ ಆ ಟೋಳಿ. ಧುಮಾಳ ಎಂಬ ಇನ್ನೊಂದು ಟೋಳಿಯ ಮುಖಂಡನಿಗೆ ಪಾಳಿ ಎಂದರೆ ತನ್ನದೇ ಎಂಬ ಲೆಕ್ಕ. ಆ ವರ್ಷ ಮಳೆಗಾಲ ಮುಗಿದ ಮೇಲೆ ಮಾಲು ಒತ್ತರಿಸಿ ಬರುತ್ತಿದ್ದ ಹೊತ್ತಿನಲ್ಲಿ ಧರ್ಮಣ್ಣ, "ಇವತ್ತ ನಮ್ಮ ಪಾಳಿ ಅದ" ಎಂದು ಲಾರಿಯ ಹಿಂಬಾಗಿಲಿಗೆ ಅಡ್ಡ ನಿಂತ. ಮಾತಿಗೆ ಮಾತು ಬೆಳೆಯಿತು, ಜನ ಬಿಡಿಸಿದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಚದುರಿದಾಗ ಗೋದಾಮಿನ ಹಿಂದೆ ಧರ್ಮಣ್ಣನ ಹೊಟ್ಟೆಗೆ ಕೊಯ್ತಾ, ಕಬ್ಬು ಕಡಿಯುವ ಮಚ್ಚು, ಬಿತ್ತು.

ಮುರುಗೆಪ್ಪ ಆಗ ಗೋದಾಮಿನ ಮುಂದೆ, ತನ್ನ ತಕ್ಕಡಿಯ ಹತ್ತಿರ, ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ಕೂಗು ಕೇಳಿ ಓಡಿದ. ಅವನು ಸುತ್ತಿಕೊಂಡು ಹಿಂದೆ ಹೋಗುವಷ್ಟರಲ್ಲಿ ಹೊಡೆದವನು ಇರಲಿಲ್ಲ. ಹೊಟ್ಟೆ ಒತ್ತಿಕೊಂಡು ಕೂತ ಧರ್ಮಣ್ಣನೊಬ್ಬನೇ ಇದ್ದ. ಮಧುಕರನ ಟೆಂಪೊದಲ್ಲಿ ಹಾಕಿಕೊಂಡು ಸರಕಾರಿ ಆಸ್ಪತ್ರೆಗೆ ಹೊರಟರು. ಮಧುಕರ ಮರಾಠಿಯವ. ಕನ್ನಡದಲ್ಲಿ ಅವನಿಗೆ ಗೊತ್ತಿದ್ದದ್ದು "ಊಟ ಆತೇನ್ರಿ" ಒಂದೇ. ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಟೆಂಪೊ ಸಿಕ್ಕಿಬಿದ್ದಾಗ ಧರ್ಮಣ್ಣ ಮುರುಗೆಪ್ಪನ ಅಂಗಿ ಹಿಡಿದು ಹೇಳಿದ: "ಕಾಕಾ, ಧುಮಾಳ ಹೊಡದಾ. ಪಾಳಿ ಸಲುವಾಗಿ ಹೊಡದಾ."

ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬರುವ ಮೊದಲೇ ಧರ್ಮಣ್ಣ ಆಪರೇಶನ್ ಟೇಬಲ್ಲಿನ ಮೇಲೆಯೇ ಪ್ರಾಣ ಬಿಟ್ಟ.

ಆಸ್ಪತ್ರೆಯ ಬಾಗಿಲಿಗೆ ಓಡಿ ಬಂದ ಧರ್ಮಣ್ಣನ ಹೆಂಡತಿ ಸಾವಂತ್ರವ್ವನಿಗೆ ಮುರುಗೆಪ್ಪ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ. "ಧುಮಾಳ ಹೊಡದಾ ಅಂತ ಟೆಂಪೊದಾಗ ಅಂವನೇ ಹೇಳಿದ ನೋಡವ್ವಾ." ಆದರೆ ಸಂಜೆ ಪೊಲೀಸರು ಬಂದು, "ನೀನು ನೋಡಿದೆಯೇನು?" ಎಂದು ಮರಾಠಿಯಲ್ಲಿ ಕೇಳಿದಾಗ ಅವನೊಳಗಿನ ಯಾರ್ಡು ಎದ್ದು ನಿಂತಿತು. ಕೇಳಿದೆ ಎಂದರೆ ಸಾಹೇಬರು ಹೆಗಲು ಹಾರಿಸಿ ಹೋಗಿಬಿಟ್ಟಾರು, ಹುಡುಗನ ಸಾವಿಗೆ ಯಾರೂ ದಿಕ್ಕಿಲ್ಲದ ಹಾಗಾದೀತು. ಮುರುಗೆಪ್ಪ ಹೇಳಿದ: "ನಾನೇ ಕಣ್ಣಾರೆ ಕಂಡೀನಿ ಸಾಹೇಬ್ರ."

ಸಾಹೇಬರು ಸಂತೋಷದಿಂದ ಬರೆದುಕೊಂಡರು.

ಮರುದಿನ ಧುಮಾಳನನ್ನು ಹಿಡಿದರು. ಇನ್ನೊಂದಿಷ್ಟು ಕೇಳುವುದಿದೆ ಎಂದು ಮುರುಗೆಪ್ಪನನ್ನೂ ಠಾಣೆಗೆ ಕರೆಸಿದ್ದರು. ಅವನು ಬೆಂಚಿನ ಮೇಲೆ ಕೂತಿರುವಾಗಲೇ ಒಳಗಿನ ಖೋಲಿಯಿಂದ ಧುಮಾಳನ ದನಿ ಕೇಳಿಬಂತು. "ಹೋ, ಮೀಚ್ ಮಾರಲಂ." ಹೌದು, ನಾನೇ ಹೊಡೆದೆ. ಅಷ್ಟೇ ಅಲ್ಲ, ಕೊಯ್ತಾ ಎಲ್ಲಿದೆ ಎಂದೂ ಹೇಳಿದ. ಸಾಕ್ಷಿಗೆಂದು ಪಂಚರನ್ನು ಕರೆದುಕೊಂಡು ಹೋದರು. ಉಳ್ಳಾಗಡ್ಡಿ ಸಿಪ್ಪೆಯ ಗುಡ್ಡೆ ಕೆದರಿ ಧುಮಾಳ ತಾನೇ ಕೊಯ್ತಾ ತೆಗೆದುಕೊಟ್ಟ.

ಮುರುಗೆಪ್ಪ ಮನೆಗೆ ಬಂದು ಹೆಂಡತಿ ಇಂದೂಗೆ, "ಕೇಸ್ ಮುಗೀತು. ಅಂವ ಒಪ್ಪಿಕೊಂಡ, ನಾ ನೋಡೀನಿ" ಎಂದ.

"ಏನ್ ನೋಡೀರಿ? ಒಪ್ಪಿಕೊಂಡದ್ದು ನೋಡೀರೊ, ಹೊಡದದ್ದು ನೋಡೀರೊ?"

"ಎರಡೂ."

"ಹಂಗಾದ್ರ ಬುದ್ಧಿ ಅನ್ನೋ ಮೂರನೇದ್ದು ಒಂದು ಉಳೀತು. ಅದನ್ನೂ ಎಲ್ಲ್ಯರ ನೋಡಿ ಬರ್ರಿ."

ಶಿವಾಜಿನಗರದ ಸೆಶನ್ಸ್ ಕೋರ್ಟಿನಲ್ಲಿ ಖಟ್ಲೆ ವಿಚಾರಣೆಗೆ ಬರುವ ಹೊತ್ತಿಗೆ ವರ್ಷದ ಮೇಲಾಗಿತ್ತು. ಹಮಾಲರ ಸಂಘದವರು ಸಾವಂತ್ರವ್ವನ ಪರವಾಗಿ ಸರಕಾರಿ ವಕೀಲರಿಗೆ ನೆರವಾಗಲೆಂದು ಶೈಲಾ ಎಂಬ ವಕೀಲೆಯನ್ನು ಗೊತ್ತು ಮಾಡಿದರು. ಆಕೆ ಗದಗಿನವರು. ಕಪ್ಪು ಕೋಟು ಬಗಲಲ್ಲಿಟ್ಟುಕೊಂಡು ಒಂದು ಮಧ್ಯಾಹ್ನ ಯಾರ್ಡಿಗೇ ಬಂದರು. ಮುರುಗೆಪ್ಪ ಕುರ್ಚಿ ಒರೆಸಿ ಕೊಟ್ಟ. ಅವರು ಕೂಡಲಿಲ್ಲ. ತಕ್ಕಡಿಯ ಹತ್ತಿರ ಹೋಗಿ ನಿಂತರು.

"ಕಾಕಾ, ನೀವು ಇಲ್ಲೇ ಇದ್ರಿ ಅಲ್ಲ?"

"ಇಲ್ಲೇ ಬಾಯಾರ. ರೊಟ್ಟಿ ಬಿಚ್ಚಲಿಕ್ಹತ್ತಿದ್ದೆ."

"ಧರ್ಮಣ್ಣ ಬಿದ್ದದ್ದು ಗೋದಾಮಿನ ಹಿಂದ."

"ಹೌದ್ರಿ."

ಶೈಲಾ ಗೋದಾಮಿನ ಗೋಡೆಯನ್ನು ನೋಡಿದರು. ತಗಡಿನ ಮಾಡಿನವರೆಗೆ ಎದ್ದ ಗೋಡೆ. ಒಂದು ಕಿಟಕಿಯೂ ಇರಲಿಲ್ಲ. ಅವರು ಗೋಡೆಯನ್ನೂ ಮುರುಗೆಪ್ಪನನ್ನೂ ಸರದಿಯ ಮೇಲೆ ನೋಡಿದರು. ಮುರುಗೆಪ್ಪ ತನ್ನ ಚಪ್ಪಲಿ ನೋಡಿಕೊಂಡ.

"ಗ್ವಾಡಿಯೊಳಗ ಹಾದು ನೋಡಿದ್ರೇನು ಕಾಕಾ?"

ಆಗ ಬಾಯಿಬಿಟ್ಟ. ಇದ್ದದ್ದೆಲ್ಲ ಹೇಳಿದ. ಟೆಂಪೊ, ಸಿಗ್ನಲ್ಲು, ಅಂಗಿ ಹಿಡಿದದ್ದು, ಆ ಮಾತು. ಹೇಳಿ ಮುಗಿಸಿ, ತಪ್ಪು ಮಾಡಿದ್ದರೂ ಅದಕ್ಕೆ ಸರಿಯಾದ ಕಾರಣವಿದೆ ಎನ್ನುವ ಧಾಟಿಯಲ್ಲಿ, "ಸತ್ತಾವ ಹೇಳಿದ್ದು ಅಂದ್ರ ಗಾಳಿಮಾತು ಅಂತ ತಳ್ಳಿ ಹಾಕತಾರ, ಅದಕ್ಕ ಸ್ವಲ್ಪ ಗಟ್ಟಿ ಮಾಡಿದೆ" ಎಂದ.

ಶೈಲಾ ಹಣೆ ಹಿಡಿದುಕೊಂಡರು. "ಕಾಕಾ, ನಿಮ್ಮ ಕೈಯಾಗ ಬಂಗಾರ ಇತ್ತು. ನೀವು ಅದಕ್ಕ ಹಿತ್ತಾಳಿ ಬಣ್ಣ ಬಳದೀರಿ."

"ಅಂದ್ರ?"

"ಒಬ್ಬರ ಬಾಯಿಂದ ಕೇಳಿದ್ದನ್ನ ಇನ್ನೊಬ್ಬರು ಬಂದು ಹೇಳಿದ್ರ ಕೋರ್ಟ್ ತಗೊಳ್ಳೂದಿಲ್ಲ, ಅದು ಖರೆ. ಹೇಳಿದಾವನ್ನೇ ಕರಕೊಂಡು ಬರ್ರಿ ಅಂತದ. ಧರ್ಮಣ್ಣನ್ನ ಹ್ಯಾಂಗ ಕರಕೊಂಡು ಬರೂದು? ಅದಕ್ಕ ಕಾನೂನಿನಾಗ ಒಂದು ದಾರಿ ಬಿಟ್ಟಾರ. ಸತ್ತಾವ ತನ್ನ ಸಾವು ಹ್ಯಾಂಗ ಬಂತು, ಯಾರಿಂದ ಬಂತು ಅಂತ ಹೇಳಿದ್ರ, ಅದನ್ನ ಕೇಳಿದಾವ ಬಂದು ಹೇಳಬಹುದು. ಅದಕ್ಕ ಬರಹ ಬೇಕಂತಿಲ್ಲ, ಮ್ಯಾಜಿಸ್ಟ್ರೇಟ್ ಬೇಕಂತನೂ ಇಲ್ಲ. ಇದ್ರ ಛಲೋ. ಇಲ್ಲಂದ್ರ ನಿಮ್ಮಂಥಾವ ಸಾಕು. ಆದ್ರ ನಂಬಿಗಸ್ತ ಇರಬೇಕು."

ಕೊನೆಯ ಮಾತು ಮುರುಗೆಪ್ಪನಿಗೆ ಹಿಡಿಸಲಿಲ್ಲ.

"ಇರ್ಲಿ ಬಿಡ್ರಿ ಬಾಯಾರ. ನಂದು ಹೋದ್ರ ಹೋಗ್ಲಿ. ಧುಮಾಳ ಠಾಣೇದಾಗ ತಾನೇ ಒಪ್ಪಿಕೊಂಡಾನ. ಅದನ್ನ ಖರೆನೇ ನನ್ನ ಕಿವಿಲೇ ಕೇಳೀನಿ. ಅದನ್ನ ಹೇಳತೀನಿ."

"ಅದನ್ನ ಹೇಳಾಕ ಬಿಡೂದಿಲ್ಲ."

"ಯಾಕ?"

"ಪೊಲೀಸರ ಮುಂದ ಒಪ್ಪಿಕೊಂಡದ್ದು ಆರೋಪಿ ಮ್ಯಾಲೆ ಸಾಕ್ಷಿ ಆಗೂದಿಲ್ಲ. ಪೊಲೀಸರ ಕೈಯಾಗ ಇದ್ದಾಗ ನಿಮ್ಮ ಮುಂದ ಹೇಳಿದ್ರೂ ಆಗೂದಿಲ್ಲ, ಮ್ಯಾಜಿಸ್ಟ್ರೇಟ್ ಎದುರಿಗೇ ಇದ್ರ ಮಾತು ಬ್ಯಾರೆ. ಮೊದಲಿನ ಕಾನೂನಿನಾಗೂ ಹಂಗ ಇತ್ತು. ಈಗ ಹೊಸಾದು ಬಂದದ, ಕಲಮಿನ ನಂಬರ್ ಬದಲಾಗ್ಯಾವ, ಮಾತು ಅದೇ ಅದ."

ಮುರುಗೆಪ್ಪನಿಗೆ ಸಿಟ್ಟು ಬಂತು. ಉಳ್ಳಾಗಡ್ಡಿಯ ರೇಟು ಬಿದ್ದಾಗ ಬರುವಂಥ ಸಿಟ್ಟಲ್ಲ, ಅದಕ್ಕಿಂತ ಒಳಗಿನದು. "ಅಲ್ರಿ, ಇದ್ಯಾವ ನ್ಯಾಯ? ಕೊಲೆ ಮಾಡಿದಾವ ಜೀವಂತ ಕೂತು ನಾ ಮಾಡೀನಿ ಅಂದ್ರ ಕೇಳಬ್ಯಾಡ್ರಿ. ಸತ್ತಾವ ಹೇಳಿದ್ದನ್ನ ಕೇಳ್ರಿ. ಸತ್ತಾವನ್ನ ಅಡ್ಡಪ್ರಶ್ನೆ ಕೇಳಾಕ ಬರ್ತದೇನು? ಜೀವಂತ ಇದ್ದಾವನ್ನ ಕೇಳಾಕ ಬರ್ತದ. ಇದನ್ನ ಬರದಾವ ಒಮ್ಮೆನಾದ್ರೂ ತಕ್ಕಡಿ ಹಿಡದಾನೇನು?"

ಊಟದ ಡಬ್ಬಿ ಒಯ್ಯಲು ಬಂದು ಇದನ್ನೆಲ್ಲ ಕೇಳುತ್ತ ನಿಂತಿದ್ದ ಇಂದೂ ಅಲ್ಲಿಂದಲೇ ಹೇಳಿದಳು: "ಸ್ಕೂಟರ್ ಮರತ್ರೇನು?"

ಸ್ಕೂಟರಿನ ಪ್ರಕರಣ ಹಳೆಯದು. ಅಡತ್ ಅಂಗಡಿಯ ಸೇಠರ ಸ್ಕೂಟರ್ ಕಾಣೆಯಾದಾಗ ಪೊಲೀಸರು ಮುರುಗೆಪ್ಪನನ್ನು ಠಾಣೆಗೆ ಕರೆದೊಯ್ದಿದ್ದರು. ಚಹಾ ಬರುವಷ್ಟರಲ್ಲಿ ಅವನು ಕದ್ದದ್ದನ್ನು ಒಪ್ಪಿಕೊಂಡಿದ್ದ. ಚಹಾ ಮುಗಿಯುವಷ್ಟರಲ್ಲಿ ಅದನ್ನು ಹಡಪಸರದಲ್ಲಿ ಮಾರಿದ್ದನ್ನೂ ಒಪ್ಪಿಕೊಂಡಿದ್ದ. ಸಂಜೆ ಸೇಠರಿಗೆ ತಾವೇ ಅದನ್ನು ಕ್ಯಾಂಪಿನ ಬೇಕರಿಯೊಂದರ ಮುಂದೆ ನಿಲ್ಲಿಸಿ ರಿಕ್ಷಾ ಹಿಡಿದು ಬಂದದ್ದು ನೆನಪಾಯಿತು. ಮುರುಗೆಪ್ಪನಿಗೆ ಸ್ಕೂಟರ್ ನಡೆಸಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

"ಅದು ಬ್ಯಾರೆ" ಎಂದ ಮುರುಗೆಪ್ಪ.

"ಏನ್ ಬ್ಯಾರೆ? ಅವತ್ತ ಆ ಠಾಣೇದಾಗ ಇನ್ನೊಂದು ಕೊಲೆ ಕೇಸ್ ಬಿದ್ದಿದ್ರ ನೀವು ಅದನ್ನೂ ಒಪ್ಪಿಕೊಂಡು ಬರ್ತಿದ್ರಿ."

ಶೈಲಾ ನಗು ತಡೆದುಕೊಂಡರು. "ಅದಕ್ಕ ಕಾಕಾ ಈ ಕಾನೂನು. ಧುಮಾಳ ಖರೆ ಹೇಳಿರಬಹುದು. ಆದ್ರ ನೀವೂ ಹಂಗ ಹೇಳಿದ್ರಿ. ಹೊರಗ ಕೂತಾವಗ ಎರಡೂ ಒಂದೇ ಥರಾ ಕೇಳಸ್ತಾವ. ಕೊಯ್ತಾ ಎಲ್ಲಿ ಇಟ್ಟೀನಿ ಅಂದದ್ದು ಮಾತ್ರ ಒಳಗ ಬರ್ತದ, ಯಾಕಂದ್ರ ಹೋಗಿ ಕೆದರಿದ್ರ ಅಲ್ಲಿ ಸಿಕ್ಕತು. ಸಿಪ್ಪಿಯಾಗ ಕೊಯ್ತಾ ಇಟ್ಟೀನಿ ಅನ್ನೋ ಅಷ್ಟು. ಅದರಲೇ ಕೊಂದೆ ಅನ್ನೋದು ಅಲ್ಲ."

"ಮಾತನ್ನ ಅರ್ಧಕ್ಕ ಕತ್ತರಸ್ತಾರ?"

"ಹೂಂ. ಕೋರ್ಟ್‌ನ್ಯಾಗ ನಿಂತು ಕಂಡೆ ಅಂತ ಪ್ರಮಾಣ ಮಾಡಿ ಹೇಳಿದ್ರ ಅದು ಬ್ಯಾರೆ ಅಪರಾಧ, ತಿಳೀರಿ. ಮ್ಯಾಲಿಂದ ಎದುರಿನ ವಕೀಲ ಈ ಗ್ವಾಡಿ ಫೋಟೊ ತೋರಿಸಿದ್ರ ಕೇಸ್ ಅಲ್ಲೇ ಮಲಗತದ. ಖರೆ ಹೇಳಿದ್ರ ನಿಮ್ಮ ಮರ್ಯಾದಿ ಹೋಗತದ, ಕೇಸ್ ಉಳದ್ರೂ ಉಳೀಬಹುದು. ನಾ ಸರಕಾರಿ ವಕೀಲರಿಗೆ ಇದನ್ನ ಹೇಳಾಕ ಬೇಕು. ಅವರು ಬೈತಾರ, ಬೈಸಿಕೊಳ್ರಿ."

ಸರಕಾರಿ ವಕೀಲರು ಬೈದರು. ಮರಾಠಿಯಲ್ಲಿ ಇಷ್ಟು ಬೈಗುಳ ಇವೆ ಎಂದು ಮುರುಗೆಪ್ಪನಿಗೆ ಯಾರ್ಡಿನಲ್ಲಿ ಇಷ್ಟು ವರ್ಷ ಇದ್ದರೂ ಗೊತ್ತಿರಲಿಲ್ಲ.

ಸಾಕ್ಷಿಯ ದಿನ ಅವನು ಇಸ್ತ್ರಿ ಮಾಡಿದ ಧೋತರ ಉಟ್ಟುಕೊಂಡು ಕಟಕಟೆ ಹತ್ತಿದ. ಎದುರಿಗೆ ಧುಮಾಳ ಕೈಕಟ್ಟಿ ನಿಂತಿದ್ದ. ಹಿಂದಿನ ಬೆಂಚಿನಲ್ಲಿ ಸಾವಂತ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಸಾಕ್ಷಿ ಮೊದಲೇ ಮುಗಿದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಮುರುಗೆಪ್ಪ ಏನು ಹೇಳಿದನೆಂದು ಅವಳು ಹೇಳತೊಡಗಿದಾಗ ಧುಮಾಳನ ವಕೀಲರು, ಇದು ಕೇಳಿದವನಿಂದ ಕೇಳಿದ ಮಾತು ಎಂದು ಎದ್ದಿದ್ದರು. ಕೊಂದವರು ಯಾರೆಂದು ತೋರಿಸಲು ಇದನ್ನು ಬಳಸುವುದಿಲ್ಲ, ಮುರುಗೆಪ್ಪ ಆ ಹೊತ್ತಿನಲ್ಲೇ ಏನು ಹೇಳಿದ್ದ ಎಂಬುದನ್ನು ತೋರಿಸಿ ಅವನ ಸಾಕ್ಷಿಗೆ ಊರೆಗೋಲು ಕೊಡಲು ಮಾತ್ರ ಎಂದು ಸರಕಾರಿ ವಕೀಲರು ಹೇಳಿದ್ದರು. ಅಷ್ಟಕ್ಕೇ ಎಂದು ನ್ಯಾಯಾಧೀಶರು ಬರೆಸಿಕೊಂಡಿದ್ದರು.

ಸರಕಾರಿ ವಕೀಲರು ಮುರುಗೆಪ್ಪನನ್ನು ಕೇಳಿದರು. "ಹೊಡೆಯುವುದನ್ನು ನೋಡಿದಿರಾ?"

ಮುರುಗೆಪ್ಪನ ಗಂಟಲಿನಲ್ಲಿ ಯಾರ್ಡು ಮತ್ತೊಮ್ಮೆ ಎದ್ದಿತು. ಅದನ್ನು ನುಂಗಿಕೊಂಡ. "ನೋಡಿಲ್ಲ" ಎಂದು ಮರಾಠಿಯಲ್ಲೇ ಹೇಳಿದ. ಆ ಒಂದು ಮಾತು ಹೇಳುವಾಗ ಬೆವರು ಬಂದಷ್ಟು ಅವನಿಗೆ ಚೀಲ ಹೊತ್ತಾಗಲೂ ಬಂದಿರಲಿಲ್ಲ.

ಟೆಂಪೊದ ಮಾತಿಗೆ ಬಂದಾಗ, ಧರ್ಮಣ್ಣ ಯಾವ ಭಾಷೆಯಲ್ಲಿ ಹೇಳಿದ ಎಂದು ನ್ಯಾಯಾಧೀಶರು ಕೇಳಿದರು. ಕನ್ನಡ ಎಂದ. ಅವನು ಹೇಳಿದ ಹಾಗೆಯೇ ಹೇಳಿ, ಆಮೇಲೆ ಮರಾಠಿಯಲ್ಲಿ ಹೇಳಿ ಎಂದರು. ಮುರುಗೆಪ್ಪ ಹೇಳಿದ. "ಕಾಕಾ, ಧುಮಾಳ ಹೊಡದಾ. ಪಾಳಿ ಸಲುವಾಗಿ ಹೊಡದಾ." ಕೋರ್ಟಿನ ಫ್ಯಾನಿನ ಸದ್ದಿನಲ್ಲಿ ಆ ಕನ್ನಡ ಒಂದು ಕ್ಷಣ ಒಬ್ಬಂಟಿಯಾಗಿ ನಿಂತಿತು. ಸಾವಂತ್ರವ್ವ ತಲೆ ತಗ್ಗಿಸಿದಳು.

ನಂತರ ಧುಮಾಳನ ವಕೀಲರು ಎದ್ದರು. ಬಹಳ ಮರ್ಯಾದಸ್ಥರು, ಹೊಡೆಯುವ ಮೊದಲು ನಮಸ್ಕಾರ ಮಾಡುವ ಪೈಕಿ.

"ಮುರುಗೆಪ್ಪರಾವ್, ಪೊಲೀಸರಿಗೆ ಕಣ್ಣಾರೆ ಕಂಡೆ ಎಂದು ಹೇಳಿದ್ದಿರಿ?"

"ಹೇಳಿದ್ದೆ."

"ಇಂದು ಕಾಣಲಿಲ್ಲ ಎನ್ನುತ್ತೀರಿ?"

"ಹೌದು."

"ಹಾಗಾದರೆ ಎರಡರಲ್ಲಿ ಒಂದು ಸುಳ್ಳು?"

"ಮೊದಲಿನದ್ದು."

"ಸುಳ್ಳು ಹೇಳುವ ರೂಢಿ ಇದೆಯೇ?"

"ಸುಳ್ಳಲ್ಲ, ನಮ್ಮಲ್ಲಿ ಹಾಗೆ ಹೇಳುತ್ತಾರೆ" ಎಂದು ಮುರುಗೆಪ್ಪ ತಿಳಿಸಹೋದ. ವಕೀಲರು ನಕ್ಕು, ಅದನ್ನು ಹಾಗೆಯೇ ಬರೆದುಕೊಳ್ಳಬೇಕೆಂದು ಕೋರ್ಟನ್ನು ವಿನಂತಿಸಿದರು. ಆಮೇಲೆ, ಕಣ್ಣಾರೆ ಕಂಡೆನೆಂಬ ಸುಳ್ಳು ಸಿಕ್ಕಿಬೀಳುತ್ತದೆಂದು ತಿಳಿದ ಮೇಲೆ ಈತ ಸತ್ತವನ ಬಾಯಿಯನ್ನು ಸಾಲವಾಗಿ ತಂದಿದ್ದಾನೆ ಎಂದರು.

ಮುರುಗೆಪ್ಪನಿಗೆ ಕಟಕಟೆಯ ಕಟ್ಟಿಗೆ ಕಿತ್ತು ಹೊಡೆಯಬೇಕೆನಿಸಿತು. ಅದರ ಬದಲು, "ಅಂವ ನನ್ನ ಅಂಗಿ ಹಿಡದಿದ್ದ್ರಿ" ಎಂದ. ಕನ್ನಡದಲ್ಲಿ ಅಂದದ್ದರಿಂದ ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮಧುಕರನ ಸಾಕ್ಷಿ ಚಿಕ್ಕದು. ಟೆಂಪೊದಲ್ಲಿ ಗಾಯಾಳು ಏನೋ ಹೇಳಿದ, ಅದರಲ್ಲಿ ಧುಮಾಳ ಎಂಬ ಹೆಸರು ಇತ್ತು, ಉಳಿದದ್ದು ತಿಳಿಯಲಿಲ್ಲ ಎಂದ. ಮೊದಲ ದಿನ ಪೊಲೀಸರಿಗೂ ಇಷ್ಟನ್ನೇ ಹೇಳಿದ್ದ. ಉಳಿದದ್ದು ಊಹಿಸಿ ಎಂದರೂ ಊಹಿಸಲಿಲ್ಲ. ಶವ ಪರೀಕ್ಷೆ ಮಾಡಿದ ಡಾಕ್ಟರು, ಇಂಥ ಗಾಯವಾದ ಮೇಲೂ ಮನುಷ್ಯ ಸ್ವಲ್ಪ ಹೊತ್ತು ಮಾತಾಡಬಲ್ಲ ಎಂದರು. ಕೊಯ್ತಾದ ಮೇಲಿದ್ದ ರಕ್ತ ಧರ್ಮಣ್ಣನದೇ ಎಂದು ಪ್ರಯೋಗಾಲಯದ ವರದಿ ಹೇಳಿತು. ಪಂಚರಲ್ಲಿ ಒಬ್ಬ ತನಗೇನೂ ನೆನಪಿಲ್ಲವೆಂದ. ಇನ್ನೊಬ್ಬ, ಚಹಾದ ಗಾಡಿಯವ, ಧುಮಾಳ ಸಿಪ್ಪೆ ಕೆದರಿದ್ದನ್ನು ಬಿಡದೆ ಹೇಳಿದ. ಠಾಣೆಯಲ್ಲಿ ಒಪ್ಪಿಕೊಂಡ ಮಾತನ್ನು ತನಿಖಾಧಿಕಾರಿ ಎತ್ತಹೋದಾಗ ನ್ಯಾಯಾಧೀಶರು ಕೈ ಎತ್ತಿ ನಿಲ್ಲಿಸಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುರುಗೆಪ್ಪ ನಿಟ್ಟುಸಿರು ಬಿಟ್ಟದ್ದು ಮುಂದಿನ ಬೆಂಚಿಗೆ ಕೇಳಿಸಿತು.

ತೀರ್ಪಿನ ದಿನ ಧುಮಾಳನಿಗೆ ಜೀವಾವಧಿ ಶಿಕ್ಷೆಯಾಯಿತು. ಸಾವಂತ್ರವ್ವ ಅಳಲಿಲ್ಲ. ನೆಲಕ್ಕೆ ಕೈ ಹಚ್ಚಿ ಕಣ್ಣಿಗೊತ್ತಿಕೊಂಡಳು.

ತೀರ್ಪಿನ ಪ್ರತಿ ಕೈಗೆ ಬಂದ ದಿನ ಕೋರ್ಟಿನ ಹೊರಗೆ, ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತು ಶೈಲಾ ಅದನ್ನು ಓದಿ ಕನ್ನಡದಲ್ಲಿ ಹೇಳಿದರು. ಮುರುಗೆಪ್ಪನ ಹೆಸರು ಬಂದಾಗ ಅವರು ಸ್ವಲ್ಪ ತಡೆದರು.

"ಓದ್ರಿ ಬಾಯಾರ. ನಂದೇನು ಬರದಾರ?"

"ಈ ಸಾಕ್ಷಿ ಪೂರ್ತಿ ನಂಬಿಕೆಗೆ ಯೋಗ್ಯನೂ ಅಲ್ಲ, ಪೂರ್ತಿ ಅಯೋಗ್ಯನೂ ಅಲ್ಲ. ಆದ್ದರಿಂದ ಇವನ ಮಾತನ್ನ ಬ್ಯಾರೆ ಪುರಾವೆ ಎಲ್ಲಿ ಬೆಂಬಲಿಸ್ತದೊ ಅಲ್ಲಿ ಮಾತ್ರ ತಗೊಂಡೀವಿ."

ಮುರುಗೆಪ್ಪ ಎದ್ದು ನಿಂತ. "ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದರು.

"ಸರಕಾರದ ಶಿಕ್ಕಾ ಹಾಕಿ ನನ್ನ ಅರ್ಧಾ ಮನಷ್ಯಾ ಅಂತ ಬರದಾರ?"

"ಹಂಗಲ್ಲ ಕಾಕಾ. ಸಾಕ್ಷಿಗಳು ಮೂರು ನಮೂನಿ ಇರ್ತಾರ. ಪೂರ್ತಿ ನಂಬೋರು, ಪೂರ್ತಿ ನಂಬಲಾರದೋರು, ನಡುವಿನೋರು. ನೀವು ನಡುವಿನೋರು. ಬಹುತೇಕ ಜನಾ ಅಲ್ಲೇ ಇರ್ತಾರ."

"ಮಧುಕರ?"

ಶೈಲಾ ಹಾಳೆ ತಿರುವಿದರು. ಹೇಳಲೋ ಬೇಡವೋ ಎಂದು ನೋಡಿದರು. "ಅಂವ ಪೂರ್ತಿ."

ಮುರುಗೆಪ್ಪನ ಮುಖ ಕೆಂಪಾಯಿತು. "ಅಲ್ರಿ, ಧರ್ಮಣ್ಣ ಏನಂದ ಅಂತ ಅಂವಗ ತಿಳದೇ ಇಲ್ಲ. ತಿಳೀದಾವ ಪೂರ್ತಿ, ತಿಳದಾವ ಅರ್ಧಾ. ಸತ್ತಾವನ ಮಾತು ತಗೊಂಡ್ರು, ಜೀವಂತ ಇದ್ದಾವನ ಮಾತು ಬಿಟ್ರು, ನನ್ನ ಮಾತನ್ನ ತೂಕಾ ಮಾಡಿ ಕಸರು ತಗದ್ರು. ಈ ಒಂದು ಸಾಲಿನ ಮ್ಯಾಲೆ ಅಪೀಲು ಹಾಕ್ರಿ. ಹೈಕೋರ್ಟಿಗೆ ನಡೀರಿ. ಮುಂಬೈ ಆದ್ರ ಮುಂಬೈ."

"ಸಾಕ್ಷಿ ಅಪೀಲು ಮಾಡಾಕ ಬರೂದಿಲ್ಲ ಕಾಕಾ. ಅಪೀಲಿಗೆ ಧುಮಾಳನೇ ಹೋಗತಾನ. ಈ ಸಾಲು ಎತ್ತಿ ಹಿಡಕೊಂಡೇ ಹೋಗತಾನ. ಅಲ್ಲಿ ಏನಾಗತದೊ ಹೇಳಾಕ ಬರೂದಿಲ್ಲ."

"ಅಂದ್ರ ಕೊಂದಾವಗ ಅಪೀಲು ಅದ, ನನಗಿಲ್ಲ."

ಕಟ್ಟೆಯ ಇನ್ನೊಂದು ತುದಿಗೆ ಕೂತಿದ್ದ ಸಾವಂತ್ರವ್ವ ಕೇಳಿದಳು. "ಕಾಕಾ, ನಿಮ್ಮನ್ನ ಪೂರ್ತಿ ನಂಬಬೇಕಿತ್ತೇನು?"

"ಮತ್ತ?"

"ಹಂಗಾದ್ರ ಕಂಡೆ ಅಂದದ್ದನ್ನೂ ನಂಬಬೇಕಾಗತಿತ್ತು. ಆ ಗ್ವಾಡಿ ಅಲ್ಲೇ ಅದ, ಕೇಸ್ ಮಲಗತಿತ್ತು. ಧುಮಾಳ ಇಷ್ಟೊತ್ತಿಗೆ ಮನ್ಯಾಗ ಕೂತು ಉಣ್ಣತಿದ್ದ." ಅವಳು ಸೆರಗು ಸರಿಪಡಿಸಿಕೊಂಡು ಎದ್ದಳು. "ಆ ಅರ್ಧಾದಿಂದ್ಲೇ ಅಂವ ಒಳಗ ಹೋದ. ನನಗ ಸಾಕು."

ಅವಳ ಮುಂದೆ ಇನ್ನೂ ಸಿಟ್ಟು ಮಾಡುವುದು ಸರಿಯಲ್ಲ ಎಂದು ಮುರುಗೆಪ್ಪನಿಗೆ ತಿಳಿಯಿತು. ಸಿಟ್ಟಿಗೆ ಮಾತ್ರ ಅದು ತಿಳಿಯಲಿಲ್ಲ. ಮೂವರೂ ಗೇಟಿನ ಕಡೆ ನಡೆದರು. ರಸ್ತೆ ದಾಟಿ ಬಸ್ಸಿಗೆ ನಿಂತಾಗ ಅವನು ಶೈಲಾರ ಹತ್ತಿರ ಸರಿದು, ಸಾವಂತ್ರವ್ವನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದ:

"ಬಾಯಾರ, ಅಪೀಲು ಬ್ಯಾಡ. ಆದ್ರ ಆ ಸಾಲಿನ ಬಾಜೂಕ, ಅಂಗಿ ಹಿಡದಿದ್ದ ಅಂತ ಒಂದು ಮಾತು ಸೇರಸಾಕ ಅರ್ಜಿ ಕೊಡಬಹುದೇನ್ರಿ? ಅದನ್ನ ಯಾರೂ ಬರಕೊಂಡಿಲ್ಲ."

"ಬರೂದಿಲ್ಲ ಕಾಕಾ" ಎಂದರು ಶೈಲಾ. ಬಸ್ಸು ಬಂತು. ಅವನು ಸಾವಂತ್ರವ್ವನನ್ನು ಮುಂದೆ ಹತ್ತಿಸಿ, ಕಂಡಕ್ಟರನೊಡನೆ ಇಲ್ಲದ ಜಗಳ ತೆಗೆಯುತ್ತ ತಾನೂ ಹತ್ತಿದ.